ತ್ರಿಭುಜದ ಮೂರು ಶೃಂಗಗಳಿಗೂ ಒಟ್ಟು ದೂರ ಕನಿಷ್ಠವಾಗುವ ಬಿಂದು: ತಿರುಗಿಸುವ ವಿಧಾನದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಹುಡುಕುತ್ತಿರುವ ಬಿಂದು ಯಾವುದು?

ABC ಎಂಬ ಒಂದು ತ್ರಿಭುಜವಿದೆ ಎಂದುಕೊಳ್ಳಿ. ಅದರೊಳಗೆ P ಎಂಬ ಬಿಂದುವನ್ನು ಗುರುತಿಸಿ, ಅಲ್ಲಿಂದ ಮೂರು ಶೃಂಗಗಳಿಗೂ ನೇರ ಗೆರೆಗಳನ್ನು ಎಳೆದರೆ PA, PB, PC ಎಂಬ ಮೂರು ಉದ್ದಗಳು ಸಿಗುತ್ತವೆ. P ಯನ್ನು ಎಲ್ಲಿ ಇಟ್ಟರೆ PA + PB + PC ಎಂಬ ಮೊತ್ತ ಅತ್ಯಂತ ಕಡಿಮೆಯಾಗುತ್ತದೆ ಎಂಬುದೇ ಇಲ್ಲಿನ ಪ್ರಶ್ನೆ.

ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಗಣಿತಜ್ಞ ಪಿಯರ್ ದ ಫರ್ಮಾ ಇದನ್ನು ಸವಾಲಾಗಿ ಮುಂದಿಟ್ಟರು. ಇಟಲಿಯ ಟೊರಿಚೆಲ್ಲಿ ಅದನ್ನು ಬಿಡಿಸಿದರು. ಅವರು 1647ರಲ್ಲಿ ತೀರಿಕೊಂಡ ನಂತರ, 1659ರಲ್ಲಿ, ಅವರ ಶಿಷ್ಯ ವಿವಿಯಾನಿ ಆ ಪರಿಹಾರವನ್ನು ಪ್ರಕಟಿಸಿದರು. ಹೀಗಾಗಿ ಈ ಬಿಂದುವನ್ನು ಕೆಲವರು ಫರ್ಮಾ ಬಿಂದು ಎಂದೂ ಕೆಲವರು ಟೊರಿಚೆಲ್ಲಿ ಬಿಂದು ಎಂದೂ ಕರೆಯುತ್ತಾರೆ. ಇಲ್ಲಿ ವಿವರಿಸುವ, ತ್ರಿಭುಜದ ಒಂದು ಭಾಗವನ್ನು 60° ತಿರುಗಿಸಿ ಉತ್ತರ ಪಡೆಯುವ ಸಾಧನೆ ಮಾತ್ರ ಅಷ್ಟು ಹಳೆಯದಲ್ಲ. ಹೋಫ್ಮನ್ ಅದನ್ನು 1929ರಲ್ಲಿ ಪ್ರಕಟಿಸಿದರು. ಪ್ರೌಢಶಾಲೆಯ ರೇಖಾಗಣಿತವಷ್ಟೇ ಗೊತ್ತಿರುವವರಿಗೂ ಪೂರ್ತಿಯಾಗಿ ಅರ್ಥವಾಗುವ ಸಾಧನೆ ಇದು ಎಂಬ ಕಾರಣಕ್ಕೆ ಉಳಿದೆಲ್ಲ ವಿಧಾನಗಳಿಗಿಂತ ಇದೇ ನನಗೆ ಹೆಚ್ಚು ಪ್ರಿಯವಾದದ್ದು.

ಈ ಬಿಂದು ಗುರುತ್ವಕೇಂದ್ರವೇ ಅಲ್ಲವೇ?

ಅಲ್ಲ. ಬಹಳಷ್ಟು ಮಂದಿ ಮೊದಲು ಊಹಿಸುವುದು ಗುರುತ್ವಕೇಂದ್ರವನ್ನೇ, ಅಂದರೆ ಮೂರು ಮಧ್ಯರೇಖೆಗಳು ಸೇರುವ ಬಿಂದುವನ್ನೇ. ಆದರೆ ಗುರುತ್ವಕೇಂದ್ರದಲ್ಲಿ ಕನಿಷ್ಠವಾಗುವುದು ದೂರಗಳ ವರ್ಗಗಳ ಮೊತ್ತವೇ ಹೊರತು ದೂರಗಳ ಮೊತ್ತವಲ್ಲ. ಇವೆರಡೂ ಬೇರೆ ಬೇರೆ ಪ್ರಶ್ನೆಗಳು.

ಒಂದು ಉದಾಹರಣೆಯಲ್ಲಿ ಲೆಕ್ಕ ಹಾಕಿ ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಲಂಬಕೋನ C ಯಲ್ಲಿರುವ, ಬಾಹುಗಳು 3, 4, 5 ಇರುವ ತ್ರಿಭುಜವನ್ನು ತೆಗೆದುಕೊಳ್ಳೋಣ. ಮುಂದೆಯೂ ಇದನ್ನೇ ಬಳಸುತ್ತೇವೆ. C ಯನ್ನು (0, 0) ದಲ್ಲಿ, A ಯನ್ನು (4, 0) ದಲ್ಲಿ, B ಯನ್ನು (0, 3) ರಲ್ಲಿ ಇಡೋಣ. ಲಂಬಕೋನದ ಶೃಂಗ C ಯಲ್ಲೇ ನಿಂತರೆ ಮೊತ್ತ 0 + 4 + 3 = 7. ಕರ್ಣದ ಮಧ್ಯಬಿಂದುವಿನಲ್ಲಿ ನಿಂತರೆ ಮೂರೂ ದೂರಗಳು ತಲಾ 2.5, ಮೊತ್ತ 7.5. ಗುರುತ್ವಕೇಂದ್ರದಲ್ಲಿ ಮೊತ್ತ ಸುಮಾರು 6.918. ಒಳವೃತ್ತದ ಕೇಂದ್ರವಾದ (1, 1) ರಲ್ಲಿ ಸುಮಾರು 6.813, ಅಂದರೆ ಗುರುತ್ವಕೇಂದ್ರಕ್ಕಿಂತ ಈಗಾಗಲೇ ಕಡಿಮೆ. ಇನ್ನೂ ಕಡಿಮೆ ಸಾಧ್ಯವೇ, ಸಾಧ್ಯವಿದ್ದರೆ ಎಲ್ಲಿಯವರೆಗೆ ಇಳಿಯಬಹುದು ಎಂಬುದನ್ನು ಹೀಗೆ ಒಂದೊಂದೇ ಬಿಂದುವನ್ನು ಪರೀಕ್ಷಿಸುತ್ತಾ ಹೋದರೆ ಎಂದಿಗೂ ಖಚಿತವಾಗಿ ಹೇಳಲಾಗದು. ತಿರುಗಿಸುವ ವಿಧಾನ ಇದಕ್ಕೆ ಒಂದೇ ಏಟಿಗೆ ಉತ್ತರ ಕೊಡುತ್ತದೆ.

ತಿರುಗಿಸುವುದರಿಂದ ಏನು ಸಾಧಿಸಿದಂತಾಗುತ್ತದೆ?

ಕನಿಷ್ಠ ಉದ್ದದ ಬಗ್ಗೆ ರೇಖಾಗಣಿತದಲ್ಲಿ ನಮಗೆ ಚೆನ್ನಾಗಿ ಗೊತ್ತಿರುವ ಸಂಗತಿ ಒಂದೇ: ಎರಡು ನಿಶ್ಚಿತ ಬಿಂದುಗಳ ನಡುವಿನ ಹಾದಿಗಳಲ್ಲಿ ಸರಳರೇಖೆಯೇ ಅತಿ ಚಿಕ್ಕದು. ತ್ರಿಭುಜದ ಎರಡು ಬಾಹುಗಳ ಮೊತ್ತ ಮೂರನೆಯದಕ್ಕಿಂತ ಹೆಚ್ಚು ಎಂದು ಶಾಲೆಯಲ್ಲಿ ಕಲಿಯುವುದೂ ಇದನ್ನೇ. ಆದರೆ ನಮ್ಮ PA, PB, PC ಗಳು ಹಾದಿಯ ರೂಪದಲ್ಲಿಲ್ಲ. ಅವು ಚಕ್ರದ ಅರಗಳಂತೆ ಒಂದೇ ಬಿಂದುವಿನಿಂದ ಮೂರು ದಿಕ್ಕಿಗೆ ಹೊರಟಿವೆ. P ಯನ್ನು ಸ್ವಲ್ಪ ಸರಿಸಿದರೆ ಒಂದು ಅರ ಚಿಕ್ಕದಾಗಿ ಇನ್ನೊಂದು ಉದ್ದವಾಗುತ್ತದೆ. ಆದ್ದರಿಂದ ಮೊತ್ತ ಏರಿತೋ ಇಳಿಯಿತೋ ಎಂಬುದು ನೋಡಿದ ಮಾತ್ರಕ್ಕೆ ತಿಳಿಯದು.

ಈ ಮೂರು ಅರಗಳನ್ನು ಅವುಗಳ ಉದ್ದ ಕೆಡದಂತೆ ಬಿಚ್ಚಿ, ಒಂದರ ತುದಿಗೆ ಇನ್ನೊಂದನ್ನು ಜೋಡಿಸಿ, ಎರಡು ನಿಶ್ಚಿತ ಬಿಂದುಗಳ ನಡುವಿನ ಒಂದೇ ಹಾದಿಯನ್ನಾಗಿ ಮಾಡಲು ಸಾಧ್ಯವಾದರೆ ಸಮಸ್ಯೆ ಅಲ್ಲಿಗೇ ಬಗೆಹರಿಯುತ್ತದೆ. 60° ತಿರುಗಿಸುವುದರಿಂದ ಆಗುವುದು ಇದೇ.

ಸಾಧನೆಯನ್ನು ಹಂತಹಂತವಾಗಿ ವಿವರಿಸುವಿರಾ?

ಸದ್ಯಕ್ಕೆ ತ್ರಿಭುಜದ ಮೂರೂ ಕೋನಗಳು 120° ಗಿಂತ ಕಡಿಮೆ ಇವೆ ಎಂದುಕೊಳ್ಳೋಣ. P ಎಂಬುದು ಯಾವುದೇ ಬಿಂದುವಾಗಿರಲಿ; ಅದು ತ್ರಿಭುಜದ ಒಳಗೇ ಇರಬೇಕೆಂದೂ ಇಲ್ಲ.

ಶೃಂಗ C ಯನ್ನು ಕೀಲಾಗಿ ಇಟ್ಟುಕೊಂಡು, CPB ಎಂಬ ಚಿಕ್ಕ ತ್ರಿಭುಜವನ್ನು A ಇರುವ ಕಡೆಯಿಂದ ಆಚೆಗೆ 60° ತಿರುಗಿಸಿ. C ಇದ್ದಲ್ಲೇ ಇರುತ್ತದೆ, P ಹೋಗಿ P′ ಎಂಬಲ್ಲಿ ನಿಲ್ಲುತ್ತದೆ, B ಹೋಗಿ B′ ಎಂಬಲ್ಲಿ ನಿಲ್ಲುತ್ತದೆ. ತಿರುಗಿಸಿದಾಗ ಉದ್ದಗಳು ಬದಲಾಗುವುದಿಲ್ಲವಾದ್ದರಿಂದ PB = P′B′. ಇದು ಮೊದಲ ಲಾಭ.

ಎರಡನೆಯ ಲಾಭ ಇನ್ನೂ ಸ್ವಾರಸ್ಯವಾದದ್ದು. CP ಮತ್ತು CP′ ಸಮ, ಅವುಗಳ ನಡುವಿನ ಕೋನ 60°. ಸಮದ್ವಿಬಾಹು ತ್ರಿಭುಜದ ಶೃಂಗಕೋನ 60° ಇದ್ದರೆ ಉಳಿದೆರಡು ಕೋನಗಳೂ 60° ಆಗಲೇಬೇಕು, ಅಂದರೆ CPP′ ಒಂದು ಸಮಬಾಹು ತ್ರಿಭುಜ. ಆದ್ದರಿಂದ PC = PP′. ಹೀಗೆ, C ಕಡೆಗೆ ಹೋಗುತ್ತಿದ್ದ ಅರವು ಈಗ P ಮತ್ತು P′ ಗಳ ನಡುವಿನ ಸೇತುವೆಯಾಯಿತು.

ಈಗ ಮೊತ್ತವನ್ನು ಮತ್ತೆ ಬರೆಯೋಣ:

PA + PC + PB = AP + PP′ + P′B′

ಬಲಗಡೆ ಇರುವುದು A ಯಿಂದ ಹೊರಟು, P ಗೆ ಬಂದು, P′ ಗೆ ಹಾಯ್ದು, B′ ತಲುಪುವ ಹಾದಿಯ ಉದ್ದ. ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೆಂದರೆ, ಹಾದಿಯ ಎರಡು ತುದಿಗಳಾದ A ಮತ್ತು B′ ಗಳು P ಯನ್ನು ಅವಲಂಬಿಸಿಲ್ಲ. B′ ಎಂಬುದು B ಯನ್ನು C ಯ ಸುತ್ತ 60° ತಿರುಗಿಸಿ ಪಡೆದದ್ದು. P ಎಲ್ಲೇ ಇದ್ದರೂ ಅದು ಅಲ್ಲೇ ಇರುತ್ತದೆ. ಆದ್ದರಿಂದ ಪ್ರತಿಯೊಂದು P ಗೂ

PA + PB + PC ≥ AB′

ಎಂಬುದು ನಿಜ. ಮೊತ್ತ ಇದಕ್ಕಿಂತ ಕೆಳಗೆ ಇಳಿಯುವುದು ಸಾಧ್ಯವೇ ಇಲ್ಲ. A, P, P′, B′ ಈ ನಾಲ್ಕೂ ಬಿಂದುಗಳು ಇದೇ ಕ್ರಮದಲ್ಲಿ ಒಂದೇ ಸರಳರೇಖೆಯ ಮೇಲೆ ಬಂದಾಗ, ಆಗ ಮಾತ್ರ, ಮೊತ್ತ AB′ ಗೆ ಸರಿಯಾಗಿ ಸಮವಾಗುತ್ತದೆ.

ನಾಲ್ಕು ಬಿಂದುಗಳು ಒಂದೇ ಗೆರೆಯ ಮೇಲೆ ಬರುವುದು ಯಾವಾಗ?

P ಯ ಬಳಿಯ ಕೋನಗಳನ್ನು ನೋಡಿ. CPP′ ಸಮಬಾಹು ತ್ರಿಭುಜವಾದ್ದರಿಂದ ಕೋನ CPP′ = 60°. A, P, P′ ಒಂದೇ ಗೆರೆಯಲ್ಲಿರಬೇಕಾದರೆ ಕೋನ APC ಮತ್ತು ಕೋನ CPP′ ಸೇರಿ 180° ಆಗಬೇಕು. ಹಾಗಾದರೆ ಕೋನ APC = 120°.

ಇನ್ನೊಂದು ಕಡೆ P′ ಬಳಿಯೂ ಹಾಗೆಯೇ. ಕೋನ CP′P = 60°; P, P′, B′ ಒಂದೇ ಗೆರೆಯಲ್ಲಿರಬೇಕಾದರೆ ಕೋನ CP′B′ = 120° ಆಗಬೇಕು. ಆದರೆ ಕೋನ CP′B′ ಎಂಬುದು ಕೋನ CPB ಯನ್ನೇ ತಿರುಗಿಸಿದ್ದು. ಆದ್ದರಿಂದ ಕೋನ CPB = 120°. ಎರಡು ಕೋನಗಳು ತಲಾ 120° ಆದ ಮೇಲೆ ಉಳಿದ ಕೋನ APB ಯೂ 120° ಆಗದೆ ವಿಧಿಯಿಲ್ಲ.

ಹೀಗಾಗಿ ಕನಿಷ್ಠ ಮೊತ್ತದ ಬಿಂದುವಿನಿಂದ ನೋಡಿದರೆ ಮೂರು ಬಾಹುಗಳೂ 120° ಕೋನದಲ್ಲಿ ಕಾಣುತ್ತವೆ. ಈ ಗುಣವನ್ನು ಹೆಚ್ಚಿನ ಪುಸ್ತಕಗಳು ಮೊದಲೇ ಹೇಳಿ ನಂತರ ಸಾಧಿಸುತ್ತವೆ. ತಿರುಗಿಸುವ ವಿಧಾನದಲ್ಲಾದರೆ ಅದನ್ನು ಯಾರೂ ಮುಂಚಿತವಾಗಿ ಊಹಿಸಬೇಕಾಗಿಲ್ಲ. ಹಾದಿ ನೇರವಾಗಬೇಕು ಎಂಬ ಒಂದೇ ಷರತ್ತಿನಿಂದ ಅದು ತಾನಾಗಿ ಹೊರಬೀಳುತ್ತದೆ.

60° ಯೇ ಏಕೆ? 45° ಅಥವಾ 90° ತಿರುಗಿಸಬಾರದೇ?

ತಿರುಗಿಸಬಹುದು, ಆದರೆ ಸೇತುವೆಯ ಉದ್ದ ಸರಿಹೊಂದುವುದಿಲ್ಲ. P ಯನ್ನು C ಯ ಸುತ್ತ 90° ತಿರುಗಿಸಿದರೆ PP′ ನ ಉದ್ದ PC ಯ √2 ಪಟ್ಟು, ಅಂದರೆ ಸುಮಾರು 1.414 ಪಟ್ಟು ಆಗುತ್ತದೆ. ಆಗ ಸಿಗುವ ಹಾದಿ PA + PB + 1.414 PC ಯನ್ನು ಅಳೆಯುತ್ತದೆಯೇ ಹೊರತು ನಮಗೆ ಬೇಕಾದ ಮೊತ್ತವನ್ನಲ್ಲ. 45° ತಿರುಗಿಸಿದರೆ PP′ ಎಂಬುದು PC ಯ ಸುಮಾರು 0.765 ಪಟ್ಟು ಮಾತ್ರ. ತಿರುಗಿಸಿದ ಬಿಂದುವಿಗೂ ಮೂಲ ಬಿಂದುವಿಗೂ ಇರುವ ದೂರ, ಕೀಲಿನಿಂದ ಅದಕ್ಕಿರುವ ದೂರಕ್ಕೆ ಸರಿಯಾಗಿ ಸಮವಾಗುವುದು 60° ಯಲ್ಲಿ ಮಾತ್ರ.

ಈ ಮಾತಿನಲ್ಲೇ ಒಂದು ವಿಸ್ತರಣೆಯ ಬೀಜವೂ ಇದೆ. C ಗೆ ಹೋಗುವ ದೂರಕ್ಕೆ ಉಳಿದೆರಡಕ್ಕಿಂತ ಹೆಚ್ಚು ತೂಕ ಕೊಡಬೇಕಾದ ಸಮಸ್ಯೆ ಎದುರಾದರೆ, ಉದಾಹರಣೆಗೆ PA + PB + √2 PC ಯನ್ನು ಕನಿಷ್ಠಗೊಳಿಸಬೇಕಾದರೆ, ಆಗ 90° ಯೇ ಸರಿಯಾದ ಆಯ್ಕೆ. 60° ಗಿಂತ ಕಡಿಮೆ ತಿರುಗಿಸಿದಾಗ ಸೇತುವೆ PC ಗಿಂತ ಚಿಕ್ಕದಾಗುತ್ತದೆ ಎಂಬುದನ್ನೂ ನೆನಪಿಟ್ಟುಕೊಳ್ಳಿ; ವಿಶಾಲಕೋನದ ಪ್ರಶ್ನೆ ಬಂದಾಗ ಅದು ಕೆಲಸಕ್ಕೆ ಬರುತ್ತದೆ.

3, 4, 5 ತ್ರಿಭುಜದಲ್ಲಿ ಇದನ್ನು ಪೂರ್ತಿಯಾಗಿ ಲೆಕ್ಕ ಮಾಡಿ ತೋರಿಸುವಿರಾ?

ಮೊದಲು B′ ಅನ್ನು ಕಂಡುಹಿಡಿಯೋಣ. B ಇರುವುದು (0, 3) ರಲ್ಲಿ, ಅಂದರೆ C ಯಿಂದ 3 ಮಾನ ದೂರದಲ್ಲಿ, 90° ದಿಕ್ಕಿನಲ್ಲಿ. A ಇರುವುದು 0° ದಿಕ್ಕಿನಲ್ಲಿ. ಆದ್ದರಿಂದ A ಯಿಂದ ಆಚೆಗೆ ತಿರುಗಿಸುವುದೆಂದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸುವುದು. B′ ಹೋಗಿ 150° ದಿಕ್ಕಿನಲ್ಲಿ ನಿಲ್ಲುತ್ತದೆ. ಅದರ ನಿರ್ದೇಶಾಂಕಗಳು (−2.598, 1.5).

A (4, 0) ಯಿಂದ B′ ಗೆ ಅಡ್ಡದಲ್ಲಿ 6.598, ಎತ್ತರದಲ್ಲಿ 1.5 ಅಂತರವಿದೆ. ಪೈಥಾಗೊರಸ್ ಪ್ರಮೇಯದಂತೆ AB′ ನ ವರ್ಗ 25 + 12√3, ಅಂದರೆ ಸುಮಾರು 45.785. ಆದ್ದರಿಂದ AB′ ≈ 6.766. ಬಿಂದು ಎಲ್ಲಿದೆ ಎಂದು ಇನ್ನೂ ಗೊತ್ತಾಗುವ ಮೊದಲೇ ಕನಿಷ್ಠ ಮೊತ್ತ ಎಷ್ಟೆಂದು ನಮಗೆ ಗೊತ್ತಾಯಿತು. ಒಳವೃತ್ತದ ಕೇಂದ್ರದಲ್ಲಿ ಸಿಕ್ಕ 6.813 ಕ್ಕಿಂತ ಇದು 0.047 ರಷ್ಟು ಮಾತ್ರ ಕಡಿಮೆ.

ಇನ್ನು P ಯನ್ನು ಹುಡುಕೋಣ. P, P′ ಎರಡೂ AB′ ಗೆರೆಯ ಮೇಲಿವೆ ಮತ್ತು CPP′ ಸಮಬಾಹು ತ್ರಿಭುಜ. C ಯಿಂದ ಆ ಗೆರೆಗೆ ಎಳೆದ ಲಂಬವು ಈ ಸಮಬಾಹು ತ್ರಿಭುಜದ ಎತ್ತರವೇ ಆಗಿದೆ. ತ್ರಿಭುಜ CAB′ ನ ವಿಸ್ತೀರ್ಣ 3 ಚದರ ಮಾನ (ಪಾದ CA = 4, ಎತ್ತರ 1.5), ಆದ್ದರಿಂದ ಲಂಬದ ಉದ್ದ 6 ÷ 6.766 ≈ 0.887. ಸಮಬಾಹು ತ್ರಿಭುಜದ ಎತ್ತರ ಅದರ ಬಾಹುವಿನ 0.866 ಪಟ್ಟು ಇರುವುದರಿಂದ PC ≈ 1.024. ಲಂಬದ ಬುಡದಿಂದ A ಗೆ ಇರುವ ದೂರ ಪೈಥಾಗೊರಸ್ ಪ್ರಕಾರ ಸುಮಾರು 3.900, ಅದರಲ್ಲಿ ಬಾಹುವಿನ ಅರ್ಧವಾದ 0.512 ಕಳೆದರೆ PA ≈ 3.388. ಅದೇ ರೀತಿ ಲಂಬದ ಬುಡದಿಂದ B′ ಗೆ 2.866, 0.512 ಕಳೆದರೆ PB ≈ 2.354.

ಮೂರನ್ನೂ ಕೂಡಿಸಿದರೆ 1.024 + 3.388 + 2.354 = 6.766. ಮೊದಲು ಸಿಕ್ಕ AB′ ಗೆ ಇದು ಸರಿಹೊಂದುತ್ತದೆ. P ಯ ಸ್ಥಾನ ಸುಮಾರು (0.696, 0.751). ಬಿಂದುವು ಲಂಬಕೋನದ ಶೃಂಗಕ್ಕೆ ಇಷ್ಟು ಹತ್ತಿರವಿರುವುದನ್ನು ಗಮನಿಸಿ. ತ್ರಿಭುಜದ ಒಂದು ಕೋನ 120° ಕಡೆಗೆ ಬೆಳೆದಂತೆಲ್ಲ P ಆ ಶೃಂಗದ ಕಡೆಗೆ ಜರುಗುತ್ತಾ ಹೋಗುತ್ತದೆ.

ಲೆಕ್ಕವಿಲ್ಲದೆ, ಕೈವಾರ ಮತ್ತು ಪಟ್ಟಿ ಬಳಸಿ ಬಿಂದುವನ್ನು ಗುರುತಿಸಲು ಸಾಧ್ಯವೇ?

ಸಾಧ್ಯ, ಮತ್ತು ಅದು ತೀರ ಸುಲಭ. CB ಯನ್ನು C ಯ ಸುತ್ತ 60° ತಿರುಗಿಸಿದರೆ CBB′ ಎಂಬ ಸಮಬಾಹು ತ್ರಿಭುಜ ಸಿಗುತ್ತದೆ. ಆದ್ದರಿಂದ B′ ಎಂದರೆ BC ಬಾಹುವಿನ ಮೇಲೆ, ಹೊರಗಡೆಗೆ, ರಚಿಸಿದ ಸಮಬಾಹು ತ್ರಿಭುಜದ ತುದಿ. ಕೈವಾರವನ್ನು BC ಯಷ್ಟು ಅಗಲಿಸಿ, B ಯಿಂದ ಒಂದು ಕಂಸ, C ಯಿಂದ ಒಂದು ಕಂಸ ಎಳೆದರೆ, ಅವು A ಇಲ್ಲದ ಕಡೆಯಲ್ಲಿ ಸಂಧಿಸುವ ಸ್ಥಳವೇ B′. ಅಲ್ಲಿಂದ A ಗೆ ಗೆರೆ ಎಳೆಯಿರಿ. ಇದೇ ಕೆಲಸವನ್ನು CA ಬಾಹುವಿನ ಮೇಲೂ ಮಾಡಿ, ಅಲ್ಲಿನ ತುದಿಯಿಂದ B ಗೆ ಗೆರೆ ಎಳೆಯಿರಿ. ಎರಡು ಗೆರೆಗಳು ಕೂಡುವಲ್ಲಿ P ಇದೆ.

ಮೂರನೆಯ ಬಾಹುವಿನ ಮೇಲೂ ಹೀಗೆ ಮಾಡಿದರೆ ಅದರ ಗೆರೆಯೂ P ಯಲ್ಲೇ ಹಾದುಹೋಗುತ್ತದೆ, ಮತ್ತು ಮೂರೂ ಗೆರೆಗಳ ಉದ್ದ ಒಂದೇ ಆಗಿರುತ್ತದೆ. ಇದಕ್ಕೆ ಪ್ರತ್ಯೇಕ ಸಾಧನೆ ಬೇಕಿಲ್ಲ. ಯಾವ ಶೃಂಗವನ್ನು ಕೀಲಾಗಿ ಇಟ್ಟುಕೊಂಡರೂ ನಾವು ಅಳೆಯುತ್ತಿರುವುದು ಅದೇ ಕನಿಷ್ಠ ಮೊತ್ತವನ್ನು. ಆದ್ದರಿಂದ ಉದ್ದಗಳು ಬೇರೆಯಾಗಲು ಅವಕಾಶವೇ ಇಲ್ಲ. ನಮ್ಮ ಉದಾಹರಣೆಯಲ್ಲಿ ಕರ್ಣದ ಮೇಲೆ ಹೊರಗಡೆಗೆ ಸಮಬಾಹು ತ್ರಿಭುಜ ರಚಿಸಿ ಅದರ ತುದಿಯಿಂದ C ಗೆ ಅಳೆದರೂ 6.766 ಸಿಗುತ್ತದೆ.

ಕಾಗದದ ಮೇಲೆ ಮಾಡುವವರು ಮೂರನೆಯ ಗೆರೆಯನ್ನು ತಪ್ಪದೆ ಎಳೆಯಬೇಕೆಂದು ನಾನು ಒತ್ತಾಯಿಸುತ್ತೇನೆ. ಮೂರೂ ಒಂದೇ ಬಿಂದುವಿನಲ್ಲಿ ಸೇರದೆ ನಡುವೆ ಚಿಕ್ಕ ತ್ರಿಕೋನ ಉಳಿದರೆ ಕೈವಾರ ಜಾರಿದೆ ಎಂದು ತಿಳಿಯಬಹುದು. ನಂತರ ಕೋನಮಾಪಕವನ್ನು P ಯ ಮೇಲಿಟ್ಟು ಮೂರು 120° ಗಳನ್ನು ನೋಡಿಕೊಂಡರೆ ಪರೀಕ್ಷೆ ಮುಗಿಯಿತು.

ತಪ್ಪು ದಿಕ್ಕಿಗೆ ತಿರುಗಿಸಿದರೆ ಏನಾಗುತ್ತದೆ?

ನಾನು ನೋಡಿದ ತಪ್ಪುಗಳಲ್ಲಿ ಅತ್ಯಂತ ಸಾಮಾನ್ಯವಾದದ್ದು ಇದೇ. ನಮ್ಮ ತ್ರಿಭುಜದಲ್ಲಿ B ಯನ್ನು A ಯ ಕಡೆಗೆ, ಅಂದರೆ ಗಡಿಯಾರದ ದಿಕ್ಕಿನಲ್ಲಿ, 60° ತಿರುಗಿಸಿದರೆ B′ ಹೋಗಿ (2.598, 1.5) ರಲ್ಲಿ ನಿಲ್ಲುತ್ತದೆ. ಆಗ AB′ ≈ 2.053. ಸಾಧನೆಯ ಪ್ರತಿಯೊಂದು ಸಾಲೂ ಆಗಲೂ ನಿಜವೇ: PP′ = PC, P′B′ = PB, ಆದ್ದರಿಂದ ಮೊತ್ತ 2.053 ಕ್ಕಿಂತ ಕಡಿಮೆ ಆಗದು. ಆದರೆ ಆ ಮಾತಿನಿಂದ ಯಾವ ಉಪಯೋಗವೂ ಇಲ್ಲ, ಏಕೆಂದರೆ ಹಾದಿಯನ್ನು ನೇರಗೊಳಿಸುವ P ಯಾವುದೂ ಇಲ್ಲ.

ತಪ್ಪನ್ನು ಕಂಡುಹಿಡಿಯುವುದು ಸುಲಭ. PA + PB ಎಂದಿಗೂ AB ಗಿಂತ ಕಡಿಮೆ ಆಗಲಾರದು. ಆದ್ದರಿಂದ ಉತ್ತರ ತ್ರಿಭುಜದ ಅತಿ ಉದ್ದದ ಬಾಹುವಿಗಿಂತ ಹೆಚ್ಚೇ ಇರಬೇಕು. 5 ಮಾನದ ಕರ್ಣವಿರುವ ತ್ರಿಭುಜದಲ್ಲಿ 2.053 ಎಂಬ ಉತ್ತರ ಬಂದರೆ ತಿರುಗಿಸಿದ ದಿಕ್ಕು ತಪ್ಪಾಗಿದೆ. ಇನ್ನೊಂದು ಪರೀಕ್ಷೆಯೆಂದರೆ, BC ಗೆರೆಯ ಒಂದು ಬದಿಗೆ A ಇದ್ದರೆ B′ ಇನ್ನೊಂದು ಬದಿಗೆ ಇರಬೇಕು.

ತ್ರಿಭುಜದ ಒಂದು ಕೋನ 120° ಅಥವಾ ಅದಕ್ಕಿಂತ ಹೆಚ್ಚಿದ್ದರೆ?

ಆಗ ಉತ್ತರ ಬೇರೆ: ಕನಿಷ್ಠ ಮೊತ್ತದ ಬಿಂದು ಆ ದೊಡ್ಡ ಕೋನದ ಶೃಂಗವೇ. ಸೂತ್ರವನ್ನು ಬಾಯಿಪಾಠ ಮಾಡಿಕೊಂಡವರು ಎಡವುವುದು ಇಲ್ಲಿ. ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

CA = 5, CB = 3, C ಯಲ್ಲಿನ ಕೋನ 150° ಇರುವ ತ್ರಿಭುಜವನ್ನು ತೆಗೆದುಕೊಳ್ಳಿ. ಯೋಚಿಸದೆ 60° ತಿರುಗಿಸಿದರೆ CA ಮತ್ತು CB′ ಗಳ ನಡುವೆ 210° ಆಗುತ್ತದೆ. ಇನ್ನೊಂದು ಬದಿಯಿಂದ ನೋಡಿದರೆ ಅದೂ 150° ಯೇ. ಹೀಗಾಗಿ AB′ ಎಂಬುದು AB ಗೆ ಸಮ, ಎರಡೂ ಸುಮಾರು 7.745. ಕನಿಷ್ಠ ಮೊತ್ತ 7.745 ಎಂದು ಬರೆದರೆ ಅದು ತಪ್ಪೆಂದು ತಕ್ಷಣ ಕಾಣಿಸುತ್ತದೆ: PA + PB ಒಂದೇ 7.745 ಕ್ಕಿಂತ ಕಡಿಮೆ ಆಗದು, ಹಾಗಾದರೆ PC ಸೊನ್ನೆ ಆಗಬೇಕು, ಅಂದರೆ P ಯು C ಯೇ ಆಗಬೇಕು, ಆದರೆ C ಯಲ್ಲಿ ಮೊತ್ತ 8. ತೊಡಕು ಎಲ್ಲಿದೆಯೆಂದರೆ, ಇಲ್ಲಿ AB′ ಗೆರೆ C ಯ ಇನ್ನೊಂದು ಪಕ್ಕದಲ್ಲಿ, ತ್ರಿಭುಜದ ಹೊರಗೆ ಹಾದುಹೋಗುತ್ತದೆ. ಅದರ ಮೇಲೆ P, P′ ಗಳನ್ನು ಬೇಕಾದ ಕ್ರಮದಲ್ಲಿ ಇಡಲು ಬರುವುದಿಲ್ಲ.

ಆದರೆ ತಿರುಗಿಸುವ ವಿಧಾನವನ್ನು ಕೈಬಿಡಬೇಕಾಗಿಲ್ಲ. ಕಡಿಮೆ ತಿರುಗಿಸಿದರೆ ಸಾಕು. C ಯಲ್ಲಿ 150° ಇರುವುದರಿಂದ, B′ ಅನ್ನು ACಯ ನೇರಕ್ಕೆ ತರಲು ಬೇಕಾದದ್ದು 30° ಮಾತ್ರ. ಅಷ್ಟೇ ತಿರುಗಿಸಿ. ಈಗ A, C, B′ ಒಂದೇ ಗೆರೆಯಲ್ಲಿವೆ, ಆದ್ದರಿಂದ AB′ = AC + CB = 8. ಮೊದಲಿನಂತೆಯೇ PB = P′B′. ಸೇತುವೆ PP′ ಮಾತ್ರ ಈಗ PC ಗೆ ಸಮವಲ್ಲ; 60° ಗಿಂತ ಕಡಿಮೆ ತಿರುಗಿಸಿದ್ದರಿಂದ ಅದು PC ಗಿಂತ ಚಿಕ್ಕದು. ಆದ್ದರಿಂದ

PA + PC + PB ≥ AP + PP′ + P′B′ ≥ AB′ = AC + CB

C ಯಲ್ಲೇ ನಿಂತಾಗ ಸಿಗುವ ಮೊತ್ತವೂ AC + CB ಯೇ. ಅಂದರೆ ಯಾವ ಬಿಂದುವೂ C ಯನ್ನು ಮೀರಿಸಲಾರದು. ಕೋನ ಯಾವುದೇ ಇರಲಿ, 180° ಯಿಂದ ಅದನ್ನು ಕಳೆದು ಉಳಿದಷ್ಟು ತಿರುಗಿಸಿದರೆ ಈ ವಾದ ನಡೆಯುತ್ತದೆ. ಆ ಉಳಿಕೆ 60° ಮೀರಬಾರದು ಎಂಬುದೇ ಷರತ್ತು, ಮತ್ತು ಕೋನ 120° ಅಥವಾ ಹೆಚ್ಚು ಇರಬೇಕು ಎಂಬ ಗಡಿ ಬಂದದ್ದು ಅಲ್ಲಿಂದಲೇ. ಸರಿಯಾಗಿ 120° ಇದ್ದಾಗ ಎರಡು ಪ್ರಕರಣಗಳೂ ಒಂದೇ ಆಗುತ್ತವೆ: ಬಾಹುಗಳು 3, 5, 7 ಇರುವ ತ್ರಿಭುಜದಲ್ಲಿ 7 ರ ಎದುರಿನ ಕೋನ 120°, ಅಲ್ಲಿ 60° ತಿರುಗಿಸಿದರೆ AB′ ಗೆರೆ C ಯ ಮೂಲಕವೇ ಹಾದುಹೋಗುತ್ತದೆ ಮತ್ತು ಅದರ ಉದ್ದ 8.

ಕಂಪ್ಯೂಟರ್‌ನಲ್ಲಿ ಲೆಕ್ಕ ಮಾಡಲು ಚಿಕ್ಕ ದಾರಿ ಇದೆಯೇ?

ಇದೆ. ಸಮತಲದ ಬಿಂದುಗಳನ್ನು ಸಂಮಿಶ್ರ ಸಂಖ್ಯೆಗಳಾಗಿ ಬರೆದುಕೊಂಡರೆ 60° ತಿರುಗಿಸುವುದೆಂದರೆ ಒಂದು ನಿಶ್ಚಿತ ಸಂಖ್ಯೆಯಿಂದ ಗುಣಿಸುವುದಷ್ಟೇ. ಪೈಥಾನ್‌ನಲ್ಲಿ ನಮ್ಮ ಉದಾಹರಣೆ ಹೀಗಿರುತ್ತದೆ:

```python
import cmath, math
A, B, C = 4+0j, 0+3j, 0+0j
w = cmath.exp(1j * math.pi / 3)
B1 = C + (B - C) * w
print(abs(A - B1))
u = (A - B1) / abs(A - B1)
F = B1 + u * ((C - B1) * u.conjugate()).real
P = F + u * abs(C - F) / math.sqrt(3)
print(P)
```

ಮೊದಲ ಸಾಲಿನಲ್ಲಿ 6.766 ರಿಂದ ಆರಂಭವಾಗುವ ಸಂಖ್ಯೆಯೂ ಎರಡನೆಯ ಸಾಲಿನಲ್ಲಿ P ಯ ಸ್ಥಾನವೂ ಬರುತ್ತವೆ. F ಎಂಬುದು ಮೇಲೆ ಹೇಳಿದ ಲಂಬದ ಬುಡ. C, A, B ಗಳು ಗಡಿಯಾರಕ್ಕೆ ವಿರುದ್ಧ ಕ್ರಮದಲ್ಲಿದ್ದರೆ ಮಾತ್ರ ಇದು ಸರಿ; ಇಲ್ಲದಿದ್ದರೆ A ಮತ್ತು B ಯನ್ನು ಅದಲು ಬದಲು ಮಾಡಬೇಕು. 120° ಯ ಪರೀಕ್ಷೆಯನ್ನು ಈ ಸಾಲುಗಳು ಮಾಡುವುದಿಲ್ಲವಾದ್ದರಿಂದ ಅದನ್ನು ಮೊದಲೇ ಮಾಡಿಕೊಳ್ಳಬೇಕು.

ಮೂರು ಊರುಗಳಿಗೆ ಒಂದೇ ಕೇಂದ್ರವನ್ನು ಎಲ್ಲಿಡಬೇಕು ಎಂಬುದಕ್ಕೆ ಇದೇ ಉತ್ತರವೇ?

ಯಾವುದನ್ನು ಉಳಿಸಬೇಕು ಎಂಬುದರ ಮೇಲೆ ಅದು ನಿಂತಿದೆ. ಕೇಂದ್ರದಿಂದ ಮೂರು ಊರುಗಳಿಗೂ ನೇರವಾಗಿ ಕೊಳವೆ ಅಥವಾ ತಂತಿ ಎಳೆಯುವುದಾದರೆ, ಒಟ್ಟು ಉದ್ದವೇ ಖರ್ಚಾದ್ದರಿಂದ P ಯೇ ಸರಿಯಾದ ಸ್ಥಳ. ಆದರೆ ಯಾರಿಗೂ ತುಂಬಾ ದೂರವಾಗಬಾರದು ಎಂಬುದು ಉದ್ದೇಶವಾದರೆ ಉತ್ತರ ಬದಲಾಗುತ್ತದೆ. ನಮ್ಮ ತ್ರಿಭುಜವನ್ನು ಕಿಲೋಮೀಟರ್‌ಗಳಲ್ಲಿ ಕಲ್ಪಿಸಿಕೊಂಡರೆ, P ಯಲ್ಲಿ ಕೇಂದ್ರವಿದ್ದಾಗ A ಊರಿನವರು ಸುಮಾರು 3.4 ಕಿಲೋಮೀಟರ್ ಬರಬೇಕು, C ಊರಿನವರು 1 ಕಿಲೋಮೀಟರ್ ಬಂದರೆ ಸಾಕು. ಕರ್ಣದ ಮಧ್ಯದಲ್ಲಿ ಇಟ್ಟರೆ ಒಟ್ಟು ದೂರ 7.5 ಕ್ಕೆ ಏರುತ್ತದೆ, ಆದರೆ ಯಾರೂ 2.5 ಕಿಲೋಮೀಟರ್‌ಗಿಂತ ಹೆಚ್ಚು ಬರಬೇಕಿಲ್ಲ. ಆರೋಗ್ಯ ಕೇಂದ್ರದಂತಹ ಕಡೆ ಎರಡನೆಯದೇ ನ್ಯಾಯವೆಂದು ನನಗೆ ಅನ್ನಿಸುತ್ತದೆ.

ಊರುಗಳ ಜನಸಂಖ್ಯೆ ಬೇರೆ ಬೇರೆ ಇದ್ದರೆ ದೂರಗಳಿಗೆ ತೂಕ ಕೊಡಬೇಕಾಗುತ್ತದೆ, ಆಗ 120° ಯ ನಿಯಮ ಉಳಿಯುವುದಿಲ್ಲ. ರಸ್ತೆಗಳು ಬಳಸಿಕೊಂಡು ಹೋಗುವಲ್ಲಿ ನೇರ ಗೆರೆಯ ಲೆಕ್ಕವೇ ಅನ್ವಯಿಸುವುದಿಲ್ಲ.

ನಾಲ್ಕು ಬಿಂದುಗಳಿದ್ದರೆ?

ನಾಲ್ಕು ಬಿಂದುಗಳು ಉಬ್ಬು ಚತುರ್ಭುಜದ ಶೃಂಗಗಳಾಗಿದ್ದರೆ ಒಟ್ಟು ದೂರ ಕನಿಷ್ಠವಾಗುವುದು ಕರ್ಣಗಳು ಛೇದಿಸುವಲ್ಲಿ, ಏಕೆಂದರೆ ಎದುರುಬದುರಿನ ಎರಡೆರಡು ದೂರಗಳು ಅಲ್ಲಿ ಒಂದೇ ಸಲ ನೇರವಾಗುತ್ತವೆ. ತಿರುಗಿಸುವ ಅಗತ್ಯವೇ ಇಲ್ಲ.

ಆದರೆ ನಾಲ್ಕು ಬಿಂದುಗಳನ್ನು ಅತಿ ಕಡಿಮೆ ಉದ್ದದ ಜಾಲದಿಂದ ಜೋಡಿಸಬೇಕು, ಗೆರೆಗಳು ಒಂದೇ ಬಿಂದುವಿನಲ್ಲಿ ಸೇರಬೇಕೆಂಬ ಕಟ್ಟುಪಾಡಿಲ್ಲ ಎಂದಾದರೆ 60° ಯ ಉಪಾಯ ಮತ್ತೆ ಬರುತ್ತದೆ. 1 ಮಾನ ಬಾಹುವಿನ ಚೌಕದಲ್ಲಿ ಎರಡು ಕರ್ಣಗಳ ಒಟ್ಟು ಉದ್ದ 2.828. ಅದರ ಬದಲು ಚೌಕದ ಎಡ ಮತ್ತು ಬಲ ಬಾಹುಗಳ ಮೇಲೆ ಹೊರಗಡೆಗೆ ಸಮಬಾಹು ತ್ರಿಭುಜಗಳನ್ನು ರಚಿಸಿ ಅವುಗಳ ತುದಿಗಳನ್ನು ಸೇರಿಸಿ. ಆ ಗೆರೆಯ ಉದ್ದ ಚೌಕದ ಅಗಲ 1 ಮತ್ತು ಎರಡು ಎತ್ತರಗಳು ಸೇರಿ 1 + √3, ಅಂದರೆ 2.732. ಅದೇ ಗೆರೆಯ ಮೇಲೆ ಎರಡು ಸಂಧಿಬಿಂದುಗಳಿದ್ದು, ಪ್ರತಿಯೊಂದರಲ್ಲೂ ಮೂರು ಗೆರೆಗಳು 120° ಯಲ್ಲಿ ಕೂಡುವ ಜಾಲವು ನಾಲ್ಕು ಮೂಲೆಗಳನ್ನೂ ಸರಿಯಾಗಿ ಅಷ್ಟೇ ಉದ್ದದಲ್ಲಿ ಜೋಡಿಸುತ್ತದೆ.